ಪ್ರತಿಯೋ, ಪ್ರತಿಬಿಂಬವೋ?

ಹಿಂದೆ ಮನೆಮಂದಿಯ ಚಿತ್ರಗಳೆಲ್ಲ ಬೀರುವಿನೊಳಗಿನ ಆಲ್ಬಮಿನಲ್ಲಿ ಇರುತ್ತಿದ್ದುವು. ಅವನ್ನು ಗೆದ್ದಲು ತಿನ್ನಬಹುದಿತ್ತು, ಮಳೆಯ ನೀರು ಕೆಡಿಸಬಹುದಿತ್ತು. ಆದರೆ ಮೈಸೂರಿನ ಆಲ್ಬಮಿನಿಂದ ಒಂದು ಪಟವನ್ನು ಕಿತ್ತೊಡನೆ, ಬೆಂಗಳೂರಿನ ಆಲ್ಬಮಿನಲ್ಲಿದ್ದ ಅದರ ಪ್ರತಿಯೂ ತಾನಾಗಿ ಮಾಯವಾಗುತ್ತಿರಲಿಲ್ಲ. ಇಂದು ಹಾಗೂ ಆಗುತ್ತದೆ. ನನ್ನ ಅಕ್ಕನ ಮನೆಯಲ್ಲಿಯೇ ಆಯಿತು.

ಅಕ್ಕನ ಫೋನು 64 ಜಿಬಿಯದು. ಅದು ತುಂಬಿಹೋಗಿ, ಹೊಸ ಚಿತ್ರವೊಂದನ್ನು ತೆಗೆಯುವುದಕ್ಕೂ ಎಡೆಯಿಲ್ಲದಂತಾಗಿತ್ತು. ಕಾಲೇಜಿನಲ್ಲಿ ಓದುವ ಅವಳ ಮಗ ಬಹಳ ಹಿಂದೆಯೇ ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಏರ್ಪಡಿಸಿದ್ದ. "ಎಲ್ಲವೂ ಕ್ಲೌಡಿಗೆ ಹೋಗಿದೆಯಮ್ಮ, ಇನ್ನು ಫೋನಿನಲ್ಲಿರುವುದನ್ನು ಅಳಿಸಿಬಿಡು" ಎಂದು ಅವನು ಹೇಳಿದ. ಅಕ್ಕ ಎರಡು ಸಂಜೆ ಕುಳಿತು, ಅದೇ ಆ್ಯಪನ್ನು ತೆರೆದು, ಚಿತ್ರಗಳನ್ನು ಆರಿಸಿ ಆರಿಸಿ ಕಸದ ಬುಟ್ಟಿಯ ಗುರುತನ್ನು ಒತ್ತಿದಳು. ಹೀಗೆ ಹೋದವು ಸುಮಾರು 3,400 ಚಿತ್ರಗಳು. ಅಳಿಸುವಾಗ ಪರದೆಯ ಮೇಲೆ ಒಂದು ಎಚ್ಚರಿಕೆಯ ಮಾತು ಮೂಡಿತ್ತಂತೆ. ಅದನ್ನು ಓದುವ ವ್ಯವಧಾನ ಯಾರಿಗಿದೆ?

ಮೂರು ವಾರಗಳ ಮೇಲೆ, ಅಪ್ಪನ ವರ್ಷಾಬ್ದಿಕಕ್ಕೆ ಪಟವೊಂದನ್ನು ದೊಡ್ಡದು ಮಾಡಿಸಲೆಂದು ಹುಡುಕಿದಾಗ ಅಪ್ಪನ ಸಹಸ್ರಚಂದ್ರದರ್ಶನದ ಚಿತ್ರಗಳು ಎಲ್ಲಿಯೂ ಇರಲಿಲ್ಲ. ಅಂದು ರಾತ್ರಿ ಅಕ್ಕ ಫೋನು ಮಾಡಿ, "ಅಪ್ಪನದು ಒಂದೂ ಉಳಿದಿಲ್ಲ ಕಣೋ" ಎಂದಳು. ಮುಂದೆ ಮಾತು ಹೊರಡಲಿಲ್ಲ.

ಆದದ್ದೇನು? ನಾವು ಒಂದೇ ಎಂದು ಭಾವಿಸುವ ಎರಡು ಸಂಗತಿಗಳು ಇಲ್ಲಿ ಕಲೆತುಹೋಗಿವೆ. ಒಂದು ಪ್ರತಿ, ಇನ್ನೊಂದು ಪ್ರತಿಬಿಂಬ. ಪ್ರತಿಯೆಂದರೆ ಮೂಲವು ಹರಿದರೂ ತಾನು ಉಳಿಯುವಂಥದು. ಪ್ರತಿಬಿಂಬವಾದರೋ ಕನ್ನಡಿಯಲ್ಲಿರುವಂಥದು, ಎದುರಿಗಿದ್ದವರು ಎದ್ದುಹೋದರೆ ಅದೂ ಹೋಗುತ್ತದೆ. ಆಂಗ್ಲದಿಂದ ಬಂದ 'ಸಿಂಕ್' ಎಂಬ ಮಾತಿಗೆ ಇದೇ ಅರ್ಥ: ಇಲ್ಲಿ ಆದದ್ದು ಅಲ್ಲಿಯೂ ಆಗಬೇಕು, ಸೇರಿಸಿದರೂ ಸರಿಯೆ, ಅಳಿಸಿದರೂ ಸರಿಯೆ. ಗೂಗಲ್ ಫೋಟೋಸ್ ಏರಿಸುವಾಗ ಪ್ರತಿಯಂತೆ ವರ್ತಿಸಿದರೂ, ಅದರ ಆ್ಯಪಿನೊಳಗೇ ಅಳಿಸುವಾಗ ಪ್ರತಿಬಿಂಬದಂತೆ ವರ್ತಿಸುತ್ತದೆ. ಫೋನಿನಲ್ಲಿರುವ ಚಿತ್ರ, ಕ್ಲೌಡಿನಲ್ಲಿರುವ ಚಿತ್ರ, ಎರಡನ್ನೂ ಅದು ಒಂದೇ ಸಾಲಿನಲ್ಲಿ ಒಂದೇ ಚಿತ್ರವೆಂಬಂತೆ ತೋರಿಸುತ್ತದೆ. ಆದುದರಿಂದ ಬುಟ್ಟಿಯ ಗುರುತನ್ನು ಒತ್ತಿದರೆ ಎರಡೂ ಕಡೆಯಿಂದ ಹೋಗುತ್ತದೆ. ದೋಷ ಯಂತ್ರದ್ದಲ್ಲ, ಅದನ್ನು ಅರಿಯದ ನಮ್ಮದು.

ಭಾನುವಾರ ನಾನು ಮೈಸೂರಿಗೆ ಹೋದೆ. ಅಳಿಸಿ ಅಂದಿಗೆ 24 ದಿನಗಳಾಗಿದ್ದುವು. ಅಳಿಸಿದ್ದು ಒಡನೆಯೇ ನಾಶವಾಗುವುದಿಲ್ಲ. ಆ್ಯಪಿನೊಳಗೇ Trash ಅಥವಾ Bin ಎಂಬ ಕಡೆ ಸೇರಿರುತ್ತದೆ. ಕ್ಲೌಡಿಗೆ ಏರಿದ್ದ ಚಿತ್ರಕ್ಕೆ ಅಲ್ಲಿ 60 ದಿನಗಳ ಆಯುಸ್ಸು. ಏರದೆಯೇ ಫೋನಿನಿಂದ ಅಳಿಸಿದ ಚಿತ್ರಕ್ಕೆ, ಆಂಡ್ರಾಯ್ಡ್ 11 ಮತ್ತು ಅದರ ನಂತರದ ಫೋನುಗಳಲ್ಲಿ, 30 ದಿನ ಮಾತ್ರ. ಅಕ್ಕನ ಚಿತ್ರಗಳು ಅಲ್ಲಿದ್ದುವು.

ಆದರೆ ಅಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಗೂಗಲ್ ಖಾತೆಯೊಂದಕ್ಕೆ ಉಚಿತವಾಗಿ ದೊರೆಯುವುದು 15 ಜಿಬಿ. ಇ-ಮೇಲು, ಡ್ರೈವ್, ಚಿತ್ರಗಳು ಮೂರೂ ಅದನ್ನೇ ಹಂಚಿಕೊಳ್ಳಬೇಕು. ಅಕ್ಕನ 15 ಜಿಬಿ ತುಂಬಿದ ದಿನ ಬ್ಯಾಕಪ್ ನಿಂತಿತ್ತು. ಆಮೇಲೆ ತೆಗೆದ ಆರುನೂರು ಚಿತ್ರಗಳು ಕ್ಲೌಡಿನ ಮುಖವನ್ನೇ ಕಂಡಿರಲಿಲ್ಲ. ಅಪ್ಪನ ಚಿತ್ರಗಳು ಇದ್ದುದು ಆ ಆರುನೂರರಲ್ಲಿ. ಅಂದರೆ ಅವುಗಳಿಗೆ ಉಳಿದಿದ್ದುದು ಆರೇ ದಿನ! ಸಾಲದುದಕ್ಕೆ, ಅಳಿಸಿದ ಮೇಲೂ ಜಾಗ ಬಿಡುಗಡೆಯಾಗಲಿಲ್ಲವೆಂದು ಹುಡುಗ ಬುಟ್ಟಿಯನ್ನೇ ಬರಿದು ಮಾಡಲು ಹೊರಟಿದ್ದನಂತೆ. ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತದ್ದು ನಮ್ಮ ಪುಣ್ಯ. ಎಲ್ಲವನ್ನೂ ಆರಿಸಿ Restore ಒತ್ತಿದೆವು. ಅಪ್ಪ ಶಾಲು ಹೊದ್ದು ನಗುತ್ತ ಮರಳಿ ಬಂದರು. ಅಕ್ಕ ಸೆರಗಿನಿಂದ ಕಣ್ಣೊರಸಿಕೊಂಡು ಕಾಫಿಗೆಂದು ಒಳಗೆ ಹೋದಳು.

ಇನ್ನು ಸರಿಯಾದ ಕ್ರಮವೇನು? ಅಂದು ನಾವು ಮಾಡಿದ್ದನ್ನೇ ಹೇಳುತ್ತೇನೆ.

ಮೊದಲು ಕೇಬಲ್ ಹಾಕಿ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಕ್ಯಾಮೆರಾದ ಚಿತ್ರಗಳಿರುವ DCIM ಎಂಬ ಫೋಲ್ಡರನ್ನೂ ವಾಟ್ಸ್‌ಆ್ಯಪ್ ಚಿತ್ರಗಳ ಫೋಲ್ಡರನ್ನೂ ಒಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿದೆವು. ಕತ್ತರಿಸಿ ಸಾಗಿಸಲಿಲ್ಲ, ನಕಲು ಮಾತ್ರ ಮಾಡಿದೆವು. ಇದು ಯಾವ ಸಿಂಕಿನ ಹಂಗೂ ಇಲ್ಲದ ನಿಜವಾದ ಪ್ರತಿ.

ಬಳಿಕ ಖಾತೆಗೆ ಜಾಗವನ್ನು ಕೊಂಡು, ಬ್ಯಾಕಪ್ ಮುಂದುವರಿಯಲು ಬಿಟ್ಟೆವು. ವಾಟ್ಸ್‌ಆ್ಯಪ್ ಮೊದಲಾದ ಫೋಲ್ಡರುಗಳು ತಾವಾಗಿ ಏರುವುದಿಲ್ಲ. ಬ್ಯಾಕಪ್ ಸೆಟ್ಟಿಂಗಿನಲ್ಲಿ Back up device folders ಎಂಬಲ್ಲಿ ಒಂದೊಂದಾಗಿ ಆರಿಸಬೇಕು. ಗುಣಮಟ್ಟವನ್ನು Original quality ಎಂದಿಟ್ಟೆವು. Storage saver ಎಂದಿದ್ದರೆ ಕ್ಲೌಡಿಗೆ ಹೋಗುವುದು ಕುಗ್ಗಿಸಿದ ಚಿತ್ರ. ಫೋನಿನ ಮೂಲ ಹೋದ ಮೇಲೆ ಆ ಕುಗ್ಗಿದ್ದೇ ಗತಿ.

ಮೂರನೆಯದು ಪರೀಕ್ಷೆ. ಇದನ್ನು ಅದೇ ಫೋನಿನಲ್ಲಿ ಮಾಡಿದರೆ ಮೋಸಹೋಗುತ್ತೇವೆ, ಏಕೆಂದರೆ ಕಾಣುತ್ತಿರುವುದು ಫೋನಿನ ಚಿತ್ರವೋ ಕ್ಲೌಡಿನದೋ ತಿಳಿಯದು. ಆದುದರಿಂದ ಕಂಪ್ಯೂಟರಿನಲ್ಲಿ photos.google.com ತೆರೆದು, ಅತಿ ಹಳೆಯದೊಂದು, ನಡುವಿನದೊಂದು, ನಿನ್ನೆಯದೊಂದು, ಜೊತೆಗೆ ಒಂದು ವೀಡಿಯೊ, ಹೀಗೆ ನಾಲ್ಕಾರನ್ನು ಪೂರ್ತಿ ತೆರೆದು ನೋಡಿದೆವು. ನಿನ್ನೆಯ ಚಿತ್ರ ಅಲ್ಲಿಲ್ಲವಾದರೆ ಬ್ಯಾಕಪ್ ನಿಂತಿದೆ ಎಂದು ತಿಳಿಯಬೇಕು. ಫೋನಿನಲ್ಲಿ ಒಂದು ಚಿತ್ರವನ್ನು ತೆರೆದು ಮೇಲಕ್ಕೆ ಸರಿಸಿದರೂ ಅದರ ವಿವರಗಳಲ್ಲಿ Backed up ಎಂಬ ಮಾತು ಇದೆಯೇ ಇಲ್ಲವೇ ಎಂಬುದು ಕಾಣುತ್ತದೆ.

ಇಷ್ಟಾದ ಮೇಲೆಯೇ ಅಳಿಸುವ ಮಾತು. ಅದಕ್ಕೆ ಬುಟ್ಟಿಯ ಗುರುತು ಬೇಡ. ಮೇಲ್ಗಡೆಯ ನಿಮ್ಮ ಖಾತೆಯ ಚಿತ್ರವನ್ನು ಒತ್ತಿದರೆ Free up space ಎಂಬ ಆಯ್ಕೆ ಸಿಗುತ್ತದೆ. ಅದು ಕ್ಲೌಡಿಗೆ ಏರಿ ಮುಗಿದ ಚಿತ್ರಗಳನ್ನು ಮಾತ್ರ ಫೋನಿನಿಂದ ತೆಗೆಯುತ್ತದೆ. ಏರದಿದ್ದುದನ್ನು ಮುಟ್ಟುವುದಿಲ್ಲ, ಕ್ಲೌಡಿನಲ್ಲಿರುವುದನ್ನೂ ಮುಟ್ಟುವುದಿಲ್ಲ. ಆದರೆ ಒಂದು ಮಾತನ್ನು ನೆನಪಿಡಬೇಕು. ಇದಾದ ಮೇಲೂ ಆ್ಯಪಿನಲ್ಲಿ ಚಿತ್ರಗಳು ಮೊದಲಿನಂತೆಯೇ ಕಾಣುತ್ತವೆ. "ಇನ್ನೂ ಹೋಗಿಲ್ಲವಲ್ಲ" ಎಂದು ಮತ್ತೆ ಬುಟ್ಟಿಗೆ ಹಾಕಿದರೆ, ಹಾಕುವುದು ಉಳಿದಿರುವ ಆ ಒಂದೇ ಪ್ರತಿಯನ್ನು.

ಐಫೋನಿನವರಿಗೂ ಇದೇ ಎಚ್ಚರ ಬೇಕು. ಐಕ್ಲೌಡ್ ಫೋಟೋಸ್ ಪೂರ್ತಿ ಕನ್ನಡಿಯೇ. ಫೋನಿನಲ್ಲಿ ಅಳಿಸಿದ್ದು ಐಕ್ಲೌಡಿನಿಂದಲೂ, ಅದೇ ಖಾತೆಗೆ ಸೇರಿಸಿದ ಬೇರೆ ಉಪಕರಣಗಳಿಂದಲೂ ಹೋಗುತ್ತದೆ. Recently Deleted ಎಂಬಲ್ಲಿ ಸುಮಾರು 30 ದಿನ ಮಾತ್ರ ಉಳಿಯುತ್ತದೆ. ಅಲ್ಲಿ ಜಾಗ ಬೇಕಾದವರು ಅಳಿಸಬಾರದು. Optimize iPhone Storage ಎಂಬುದನ್ನು ಆರಿಸಬೇಕು. ಆಗ ಮೂಲ ಕ್ಲೌಡಿನಲ್ಲಿದ್ದು, ಜಾಗ ಸಾಲದಾದಾಗ ಫೋನಿನಲ್ಲಿ ಚಿಕ್ಕ ಚಿತ್ರ ಮಾತ್ರ ನಿಲ್ಲುತ್ತದೆ.

ಅಪ್ಪನ ಪಟವನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಿಯಾಯಿತು. ಹಾರ್ಡ್ ಡಿಸ್ಕನ್ನು ಅಕ್ಕ ತನ್ನ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದಾಳೆ. ತಿಂಗಳ ಮೊದಲ ಭಾನುವಾರ ಅದನ್ನು ಹೊರಗೆ ತೆಗೆದು, ಹೊಸ ಚಿತ್ರಗಳನ್ನು ಸೇರಿಸುವ ಕೆಲಸವನ್ನು ಮಗನಿಗೆ ವಹಿಸಿದ್ದಾಳೆ. ಅಳಿಸುವ ಅಧಿಕಾರವನ್ನು ಮಾತ್ರ ಅವನಿಗೆ ಕೊಟ್ಟಿಲ್ಲ.