ಸಾಲ ಮಾಡದಿದ್ದರೂ ಏರುವ ಅನುಪಾತ

ಕಂಪನಿಗೆ ಹಣ ಬರುವುದು ಮುಖ್ಯವಾಗಿ ಎರಡು ಕಡೆಯಿಂದ. ಒಂದು, ಷೇರುದಾರರು ಹಾಕಿದ ಹಣ ಮತ್ತು ಹಂಚದೆ ಉಳಿಸಿಕೊಂಡ ಲಾಭ. ಇದು ಸ್ವಂತ ಬಂಡವಾಳ. ಇನ್ನೊಂದು, ಸಾಲ. ಸಾಲವನ್ನು ಸ್ವಂತ ಬಂಡವಾಳದಿಂದ ಭಾಗಿಸಿದರೆ ಬರುವುದೇ ಡೆಟ್-ಈಕ್ವಿಟಿ ಅನುಪಾತ.

100 ಕೋಟಿ ರೂಪಾಯಿಯ ಕಾರ್ಖಾನೆಯೊಂದನ್ನು ಊಹಿಸಿಕೊಳ್ಳೋಣ. ತೆರಿಗೆಯ ಲೆಕ್ಕ ಬೇಡ. ವರ್ಷಕ್ಕೆ 15 ಕೋಟಿ ದುಡಿದರೆ, ಹಣವೆಲ್ಲ ಷೇರುದಾರರದ್ದೇ ಆಗಿದ್ದಾಗ ಅವರ ಗಳಿಕೆ ಶೇ 15. ಅದೇ ಕಾರ್ಖಾನೆಯಲ್ಲಿ 75 ಕೋಟಿ ಶೇ 10ರ ಬಡ್ಡಿಯ ಸಾಲವಾಗಿದ್ದರೆ, ಅಂದರೆ ಅನುಪಾತ 3 ಆಗಿದ್ದರೆ, ಬಡ್ಡಿಗೆ ಏಳೂವರೆ ಕೋಟಿ ಹೋಗಿ ಉಳಿದ ಏಳೂವರೆ ಕೋಟಿ 25 ಕೋಟಿ ಹಾಕಿದವರಿಗೆ ಸಿಗುತ್ತದೆ. ಗಳಿಕೆ ಶೇ 30! ಇನ್ನು ದುಡಿಮೆ 6 ಕೋಟಿಗೆ ಇಳಿಯಲಿ. ಸಾಲವಿಲ್ಲದವರಿಗೆ ಆಗಲೂ ಶೇ 6 ಉಳಿಯುತ್ತದೆ. ಸಾಲ ಮಾಡಿದವರು ಒಂದೂವರೆ ಕೋಟಿ ಕೈಯಿಂದ ಕಳೆದುಕೊಳ್ಳುತ್ತಾರೆ. ದುಡಿಮೆಯ ದರ ಬಡ್ಡಿ ದರಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅನೇಕರ ಗಮನಕ್ಕೆ ಬಾರದ ಅಪಾಯ ಇದರ ಮುಂದಿನದು. ನಷ್ಟ ಸ್ವಂತ ಬಂಡವಾಳವನ್ನು ತಿನ್ನುತ್ತದೆ, ಸಾಲವನ್ನಲ್ಲ. ಆ 25 ಕೋಟಿಯಲ್ಲಿ 10 ಕೋಟಿ ಕರಗಿದರೆ, ಹೊಸದಾಗಿ ಒಂದು ರೂಪಾಯಿ ಸಾಲ ಮಾಡದಿದ್ದರೂ ಅನುಪಾತ 3ರಿಂದ 5ಕ್ಕೆ ಏರುತ್ತದೆ. ಆಮೇಲೆ ಸಾಲ ಕೊಡುವವರು ಹಿಂಜರಿಯುತ್ತಾರೆ, ಕೊಟ್ಟರೂ ಹೆಚ್ಚು ಬಡ್ಡಿ ಕೇಳುತ್ತಾರೆ. ಆ ಬಡ್ಡಿ ನಷ್ಟವನ್ನು ಇನ್ನಷ್ಟು ಹಿಗ್ಗಿಸುತ್ತದೆ.

ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಇದೇ ಸುಳಿಗೆ ಸಿಕ್ಕಿತು. 2005ರಲ್ಲಿ ಹಾರಾಟ ಆರಂಭಿಸಿದ ಅದು ನಷ್ಟದಲ್ಲಿದ್ದ ಏರ್ ಡೆಕ್ಕನ್ ಅನ್ನೂ ತನ್ನೊಳಗೆ ಸೇರಿಸಿಕೊಂಡಿತು. 2008ರಲ್ಲಿ ಇಂಧನ ದುಬಾರಿಯಾಯಿತು, ಬೆನ್ನಿಗೇ ಜಗತ್ತಿನ ಆರ್ಥಿಕ ಹಿಂಜರಿತ ಬಂತು. ವರ್ಷ ವರ್ಷದ ನಷ್ಟಕ್ಕೆ ಸ್ವಂತ ಬಂಡವಾಳ ಪೂರ್ತಿ ಕರಗಿ ಸೊನ್ನೆಗಿಂತ ಕೆಳಗಿಳಿಯಿತು. ಹಾಗಾದಾಗ ಅನುಪಾತಕ್ಕೆ ಅರ್ಥವೇ ಉಳಿಯುವುದಿಲ್ಲ. ಭಾಗಿಸುವ ಸಂಖ್ಯೆ ಋಣವಾಗಿರುವುದರಿಂದ ಉತ್ತರವೂ ಋಣವಾಗಿ ಬರುತ್ತದೆ. ಅದನ್ನು ಕಡಿಮೆ ಸಾಲವೆಂದು ಓದಿದರೆ ಕೆಟ್ಟಿತು. 2011ರಲ್ಲಿ ಬ್ಯಾಂಕುಗಳು ಸಾಲದ ಒಂದು ಪಾಲನ್ನು ಷೇರಾಗಿ ಬದಲಿಸಿಕೊಂಡವು. ಪೇಟೆಯಲ್ಲಿ ಸುಮಾರು 40 ರೂಪಾಯಿಗೆ ಸಿಗುತ್ತಿದ್ದ ಷೇರಿಗೆ ಅವು ಕಟ್ಟಿದ ಬೆಲೆ 64.48 ರೂಪಾಯಿ. ಕಾಗದದ ಮೇಲೆ ಸಾಲ ಇಳಿಯಿತು. ಆದರೆ ವಿಮಾನಗಳ ದುಡಿಮೆ ಖರ್ಚಿಗೆ ಸಾಲುವಂತೆ ಆಗಲಿಲ್ಲ. 2011-12ರ ನಷ್ಟ 2,328 ಕೋಟಿ ರೂಪಾಯಿ. 2012ರ ಅಕ್ಟೋಬರ್‌ನಲ್ಲಿ ಹಾರಾಟವೇ ನಿಂತಿತು.

ಎಷ್ಟು ಅನುಪಾತ ಸರಿ ಎಂಬುದಕ್ಕೆ ಎಲ್ಲರಿಗೂ ಒಪ್ಪುವ ಒಂದೇ ಸಂಖ್ಯೆ ಇಲ್ಲ. ವರಮಾನ ಏರಿಳಿಯದ ವಿದ್ಯುತ್ ಕಂಪನಿ ತಾಳಿಕೊಳ್ಳುವ ಸಾಲವನ್ನು ವಿಮಾನ ಕಂಪನಿ ತಾಳಲಾರದು. ಬ್ಯಾಂಕುಗಳ ಕಸುಬೇ ಬೇರೆಯವರ ಹಣದಲ್ಲಿ ನಡೆಯುವುದರಿಂದ ಅವುಗಳಿಗೆ ಈ ಅಳತೆಗೋಲು ಹೊಂದುವುದಿಲ್ಲ. ಷೇರು ಕೊಳ್ಳುವವರು ಮೂರ್ನಾಲ್ಕು ವರ್ಷದ ಬ್ಯಾಲೆನ್ಸ್ ಶೀಟುಗಳನ್ನು ಪಕ್ಕಪಕ್ಕ ಇಟ್ಟು, ಅನುಪಾತ ಏರಿದ್ದರೆ ಏರಿದ್ದೇಕೆ ಎಂದು ನೋಡಬೇಕು. ಹೊಸ ಕಾರ್ಖಾನೆಗೆ ಸಾಲ ತಂದು ಏರಿದ್ದರೆ, ಅದರ ದುಡಿಮೆ ಬಡ್ಡಿಯನ್ನು ಮೀರುತ್ತದೆಯೇ ಎಂದು ಕಾದು ನೋಡಬಹುದು. ಸ್ವಂತ ಬಂಡವಾಳ ಕರಗಿ ಏರಿದ್ದರೆ, ಬಡ್ಡಿ ಕಟ್ಟಲು ಹಣ ಎಲ್ಲಿಂದ ಬರುತ್ತಿದೆ ಎಂದು ಆಗಲೇ ಕೇಳಬೇಕು.