ದರಗಳ ಸ್ತಂಭಚಿತ್ರದಲ್ಲಿ ‘ಶೇಕಡಾ’ ಮತ್ತು ‘ಶೇಕಡಾ ಅಂಶ’

ಭಾರತದ ಜನಗಣತಿಯಂತೆ, ಐದು ವರ್ಷ ಹಾಗೂ ಮೇಲ್ಪಟ್ಟವರಲ್ಲಿ ಪುರುಷರ ಸಾಕ್ಷರತೆ 1951ರಲ್ಲಿ ಶೇಕಡಾ 27.16 ಇದ್ದುದು 1961ರಲ್ಲಿ 40.40ಕ್ಕೂ, ಸ್ತ್ರೀಯರದು 8.86ರಿಂದ 15.35ಕ್ಕೂ ಏರಿತು. ಇವನ್ನು ಸ್ತಂಭಗಳಲ್ಲಿ ತೋರಿಸಿ ಏರಿಕೆಯನ್ನು ನಮೂದಿಸಲು ಎರಡು ಲೆಕ್ಕಗಳುಂಟು. ದರದಿಂದ ದರವನ್ನು ಕಳೆದರೆ ಪುರುಷರದು 13.24, ಸ್ತ್ರೀಯರದು 6.49 ಶೇಕಡಾ ಅಂಶಗಳ ಏರಿಕೆ. ಈ ವ್ಯತ್ಯಾಸವನ್ನು ಮೊದಲಿನ ದರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಕ್ರಮವಾಗಿ ಸುಮಾರು ಶೇಕಡಾ 49 ಮತ್ತು 73.

ಎರಡನೆಯದನ್ನಷ್ಟೇ ಬರೆದರೆ ಸ್ತ್ರೀಪುರುಷರ ನಡುವಣ ಅಂತರ ಕಿರಿದಾಯಿತೆಂದು ಓದುಗರು ತಿಳಿಯುವರು. ಆದರೆ ಅದು 18.30ರಿಂದ 25.05 ಅಂಶಗಳಿಗೆ ಹಿಗ್ಗಿತ್ತು. ಮೂಲದರ ಅಲ್ಪವಾಗಿದ್ದುದೇ ಆ 73ಕ್ಕೆ ಕಾರಣ. ಸ್ತಂಭದ ಎತ್ತರ ದರವನ್ನೇ ಸೂಚಿಸುವುದರಿಂದ, ಅದರ ಮೇಲೆ ‘6.49 ಶೇಕಡಾ ಅಂಶ ಏರಿಕೆ’ ಎಂದೇ ಬರೆಯತಕ್ಕದ್ದೆಂದು ನಾವು ಭಾವಿಸುತ್ತೇವೆ. ಶೇಕಡಾ ಏರಿಕೆಯನ್ನು ಮೂಲದರದೊಡನೆ ವಿವರಣೆಯಲ್ಲಿ ಹೇಳಬಹುದು.