ತಡವಾಗಿ ಬರುವ ಮಗು, ಡೈರಿಯಲ್ಲಿ ಹೋಗುವ ಚೀಟಿ

"ನಿಮ್ಮ ಮಗಳು ದಿನಾ ತಡವಾಗಿ ಬರುತ್ತಾಳೆ. ಮನೆಯಲ್ಲಿ ಸ್ವಲ್ಪ ಗಮನ ಕೊಡಿ." ಶಾಲೆಯ ಡೈರಿಗಳಲ್ಲಿ ಇಂಥ ಸಾಲು ಹೊಸದಲ್ಲ. ಆದರೆ 'ದಿನಾ' ಎಂಬ ಮಾತಿಗೆ ತಾಯಿ "ನಿನ್ನೆ ಸರಿಯಾಗಿಯೇ ಬಂದಿದ್ದಳಲ್ಲ?" ಎಂದು ಕೇಳಿದರೆ ಚರ್ಚೆ ಅಲ್ಲಿಗೇ ದಾರಿ ತಪ್ಪುತ್ತದೆ. 'ಗಮನ ಕೊಡಿ' ಎಂದರೆ ಇದುವರೆಗೆ ಕೊಟ್ಟಿಲ್ಲ ಎಂದೇ ಅರ್ಥ. ಓದು ಬರದ ಅಪ್ಪ ಅಮ್ಮನಿಗೆ ಆ ಚೀಟಿಯನ್ನು ಓದಿ ಹೇಳಬೇಕಾದವಳೂ ಆ ಮಗಳೇ.

ಬರೆಯುವ ಮೊದಲು ಹಾಜರಿ ಪುಸ್ತಕದ ಜೊತೆಗೆ ತಡವಾದ ದಿನ, ಬಂದ ಹೊತ್ತು ಎರಡನ್ನೂ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ನಾಲ್ಕನೇ ತರಗತಿಯ ಕಾವ್ಯ ಎಂಬ ಹುಡುಗಿ ಇದ್ದಾಳೆ ಎಂದುಕೊಳ್ಳೋಣ. ಅವಳ ಚೀಟಿ ಹೀಗಿರಬಹುದು:

"ಮಾನ್ಯ ಪೋಷಕರೇ, ನಮಸ್ಕಾರ. ಜುಲೈ 1, 4, 8 ಮತ್ತು 11ರಂದು ಕಾವ್ಯ ಶಾಲೆಗೆ ಬಂದಾಗ 10.20 ಆಗಿತ್ತು. ಮೊದಲ ಪೀರಿಯಡ್ ಗಣಿತ, ಈಗ ಭಾಗಾಕಾರ ನಡೆಯುತ್ತಿದೆ. ಈ ನಾಲ್ಕು ದಿನ ಪಾಠದ ಶುರು ಅವಳಿಗೆ ತಪ್ಪಿದೆ. ಸೋಮವಾರದಿಂದ ಅವಳು 9.50ಕ್ಕೆ ಶಾಲೆಯಲ್ಲಿರಬೇಕು. ಬೆಳಗ್ಗೆ ಏನಾದರೂ ತೊಂದರೆ ಇದ್ದರೆ ತಿಳಿಸಿ, ಸೇರಿ ದಾರಿ ನೋಡೋಣ. 16ನೇ ತಾರೀಕಿನೊಳಗೆ ಡೈರಿಯಲ್ಲಿ ಬರೆಯಿರಿ, ಇಲ್ಲವೇ ಸಂಜೆ 4.30ರ ಮೇಲೆ ಫೋನ್ ಮಾಡಿ."

ಇದರಲ್ಲಿ ಬಿಗಿ ಇರುವುದು ತಾರೀಕಿನಲ್ಲಿ, ಗಂಟೆಯಲ್ಲಿ, 'ಇರಬೇಕು' ಎಂಬ ಒಂದೇ ಮಾತಿನಲ್ಲಿ. ಅದನ್ನು 'ಸಾಧ್ಯವಾದರೆ ಬೇಗ ಕಳಿಸಿ' ಎಂದು ಮೆತ್ತಗೆ ಮಾಡಿದರೆ ಚೀಟಿಗೆ ಬೆಲೆಯಿಲ್ಲ. ತಪ್ಪು ಯಾರದು ಎಂಬ ಮಾತು ಮಾತ್ರ ಎಲ್ಲೂ ಬಂದಿಲ್ಲ. ತಡವಾದರೆ ಗೇಟಿನ ಹೊರಗೆ ನಿಲ್ಲಿಸುತ್ತೇವೆ ಎಂಬ ಬೆದರಿಕೆಯಂತೂ ಬೇಡವೇ ಬೇಡ. ಅದರ ಶಿಕ್ಷೆ ಬೀಳುವುದು ಮಗುವಿಗೆ, ಪಾಠ ಇನ್ನಷ್ಟು ತಪ್ಪುತ್ತದೆ.

ತಾರೀಕು ಬರೆಯುವಾಗ ಟೀಚರ್‌ಗೂ ಒಂದು ಸಂಗತಿ ಕಾಣುತ್ತದೆ: ನಾಲ್ಕೂ ಮಂಗಳವಾರ, ಶುಕ್ರವಾರ. ಆ ಬೀದಿಗೆ ನಲ್ಲಿ ನೀರು ಬಿಡುವ ದಿನಗಳೇ ಇರಬಹುದು. ಹಾಗಿದ್ದರೂ ಆ ಊಹೆಯನ್ನು ಚೀಟಿಯಲ್ಲಿ ಬರೆಯಬಾರದು. ಊಹೆ ತಪ್ಪಾದರೆ ಅದೂ ಆರೋಪವಾಗುತ್ತದೆ. ಮನೆಯವರೇ ನೀರಿನ ವಿಷಯ ಹೇಳಿದರೆ, ಆ ಎರಡು ದಿನ ಪಕ್ಕದ ಮನೆ ಮಕ್ಕಳ ಜೊತೆ ಕಳಿಸಲು ಆಗುತ್ತದೆಯೇ ಎಂದು ಕೇಳಬಹುದು. 9.50 ಎಂಬುದು ಬದಲಾಗದು, ಅದಕ್ಕೆ ದಾರಿ ಬದಲಾಗಬಹುದು.

ಇದೆಲ್ಲ ಒಂದು ಮನೆಗೆ ಮಾತ್ರ ಹೋಗಬೇಕಾದ ಮಾತು, ತರಗತಿಯ ವಾಟ್ಸ್ಆ್ಯಪ್ ಗುಂಪಿಗಲ್ಲ. ಓದು ಬರದ ಮನೆಯಾದರೆ ಮಗುವಿನ ಬಾಯಲ್ಲಿ ಹೇಳಿಸುವ ಬದಲು ಫೋನಿನಲ್ಲೇ ಅಷ್ಟನ್ನೂ ಹೇಳುವುದು ಲೇಸು. ಶಾಲೆಗೆ ಬರಲು ಮಗುವೇ ಹೆದರುತ್ತಿರುವ ಸುಳಿವು ಸಿಕ್ಕರೆ ಚೀಟಿ ಸಾಕಾಗುವುದಿಲ್ಲ, ಎದುರು ಕೂತೇ ಮಾತಾಡಬೇಕು.

16ರ ನಂತರವೂ ಉತ್ತರ ಬರದಿದ್ದರೆ ಎರಡನೇ ಚೀಟಿ ಹೋಗಲಿ. ಅದರಲ್ಲಿ ಹೊಸ ತಾರೀಕುಗಳು, ಮುಖ್ಯ ಶಿಕ್ಷಕರ ಜೊತೆ ಭೇಟಿಗೆ ಒಂದು ದಿನ, ಕೂಲಿ ತಪ್ಪದಂಥ ಒಂದು ಹೊತ್ತು ಇದ್ದರೆ ಸಾಕು.